ಜೂನಿಯರ್ ವಕೀಲೆಯಾಗಿ ಸೇರಿಸಿಕೊಳ್ಳಲು ಕೋರಿ ಪತ್ರ

ಕುಮಟಾ
12-01-2026

ಶ್ರೀ ಶಾನಭಾಗ, ವಕೀಲರು, ಕಾರವಾರ ಇವರಿಗೆ

ವಿಷಯ: ತಮ್ಮ ಚೇಂಬರಿನಲ್ಲಿ ಜೂನಿಯರ್ ಆಗಿ ಕೆಲಸ ಮಾಡುವ ಅವಕಾಶದ ಬಗ್ಗೆ

ಮಾನ್ಯ ಶಾನಭಾಗ ಸರ್,

ನಮಸ್ಕಾರ. ತಮ್ಮ ಜೂನಿಯರ್ ಒಬ್ಬರು ಸಿವಿಲ್ ಜಡ್ಜ್ ಆಗಿ ಆಯ್ಕೆಯಾಗಿ ಹೋದರೆಂದು, ಆ ಜಾಗಕ್ಕೆ ತಾವು ಹೊಸಬರನ್ನು ನೋಡುತ್ತಿದ್ದೀರೆಂದು ಕುಮಟಾ ಬಾರ್ ರೂಮಿನಲ್ಲಿ ತಿಳಿಯಿತು. ಆ ಜಾಗಕ್ಕೆ ನನ್ನನ್ನು ಪರಿಗಣಿಸಬೇಕೆಂದು ಕೇಳಿಕೊಳ್ಳಲು ಬರೆಯುತ್ತಿದ್ದೇನೆ.

ಹುಬ್ಬಳ್ಳಿಯಲ್ಲಿ ಐದು ವರ್ಷದ ಬಿಎ ಎಲ್‌ಎಲ್‌ಬಿ ಓದಿ ಕಳೆದ ವರ್ಷ ಮುಗಿಸಿದೆ. ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ಸನ್ನದು ಆಗಿದೆ. ಎಐಬಿಇ ಪರೀಕ್ಷೆ ಇನ್ನೂ ಬರೆದಿಲ್ಲ, ಓದುತ್ತಿದ್ದೇನೆ. ಅಂಕಗಳೆಲ್ಲ ಜೊತೆಗಿಟ್ಟ ಬಯೋಡೇಟಾದಲ್ಲಿವೆ. ಅವನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ.

ಜೊತೆಗೆ ಓದಿದವರಲ್ಲಿ ಜಾಸ್ತಿ ಜನ ಬೆಂಗಳೂರಿಗೆ ಹೋದರು, ಕೆಲವರು ಧಾರವಾಡ ಪೀಠಕ್ಕೆ. ನನಗೆ ಬೇಕಾಗಿರುವುದು ಟ್ರಯಲ್ ಕೋರ್ಟಿನ ಕೆಲಸ. ಈ ಆಸೆ ಹುಟ್ಟಿದ್ದು ಟ್ರಯಲ್ ಕೋರ್ಟಿನಲ್ಲಲ್ಲ, ಹೈಕೋರ್ಟಿನಲ್ಲಿ ಎಂದರೆ ತಮಗೆ ವಿಚಿತ್ರ ಅನ್ನಿಸಬಹುದು.

ನಾಲ್ಕನೇ ವರ್ಷದ ರಜೆಯಲ್ಲಿ ಧಾರವಾಡದ ಹೈಕೋರ್ಟ್ ಪೀಠದಲ್ಲಿ ಸಿವಿಲ್ ಕೇಸು ನಡೆಸುವ ಒಬ್ಬ ವಕೀಲರ ಹತ್ತಿರ ಇಂಟರ್ನ್‌ಶಿಪ್ ಮಾಡಿದೆ. ಎರಡನೇ ಮೇಲ್ಮನವಿಗಳ ಫೈಲು ಓದಿ ತಾರೀಖುವಾರು ಪಟ್ಟಿ ಮಾಡುವುದು ನನ್ನ ಕೆಲಸ. ಸಿಪಿಸಿ 100ನೇ ಕಲಂ ಪ್ರಕಾರ ಅಲ್ಲಿ ಮಹತ್ವದ ಕಾನೂನು ಪ್ರಶ್ನೆ ಇದ್ದರೆ ಮಾತ್ರ ಕೇಸು ಮುಂದೆ ಹೋಗುತ್ತದೆ, ಇದು ಪಾಠದಲ್ಲೇ ಗೊತ್ತಿತ್ತು. ಗೊತ್ತಿಲ್ಲದ್ದು ಏನೆಂದರೆ, ಎಷ್ಟು ಫೈಲುಗಳಲ್ಲಿ ಕಕ್ಷಿದಾರನ ಕೈಯಲ್ಲಿ ಒಳ್ಳೇ ಕಾಗದ ಇದ್ದೂ ಅದು ಕೆಳಗಿನ ಕೋರ್ಟಿನಲ್ಲಿ ಎಕ್ಸಿಬಿಟ್ ಆಗಿಯೇ ಇರುವುದಿಲ್ಲ ಅನ್ನುವುದು. ಆದೇಶ 41 ನಿಯಮ 27ರ ಅಡಿ ಹೆಚ್ಚಿನ ಸಾಕ್ಷ್ಯಕ್ಕೆ ಅರ್ಜಿ ಹಾಕುತ್ತಾರೆ. ಆಗ ಕೋರ್ಟು ಕೇಳುವುದು ಒಂದೇ ಮಾತು: ಇಷ್ಟು ದಿನ ಈ ಕಾಗದ ಎಲ್ಲಿತ್ತು? ಫೈಲು ಕಟ್ಟುವ ಜಾಗದಲ್ಲೇ ಕೆಲಸ ಕಲಿಯಬೇಕು ಅನ್ನಿಸಿದ್ದು ಅಲ್ಲಿಯೇ.

ಕೊನೇ ವರ್ಷ ಶಿರಸಿಯಲ್ಲಿ ಒಬ್ಬ ಹಿರಿಯ ಸಿವಿಲ್ ವಕೀಲರ ಆಫೀಸಿನಲ್ಲಿದ್ದೆ. ನಾನು ನಿಜವಾಗಿ ಕಲಿತದ್ದು ಅಲ್ಲಿ. ಕಕ್ಷಿದಾರರ ಗುರುತು ಸಿಗದ ಹಾಗೆ ಒಂದು ಕೇಸಿನ ಬಗ್ಗೆ ಹೇಳುತ್ತೇನೆ. ಅಡಿಕೆ ತೋಟದ ಪಾಲು ಕೇಳಿ ಮಗಳೊಬ್ಬರು ದಾವೆ ಹಾಕುವವರಿದ್ದರು. ಕರಡು ತಯಾರಾಗಿತ್ತು. ಷೆಡ್ಯೂಲನ್ನು ಪಹಣಿಯ ಜೊತೆ ತಾಳೆ ನೋಡು ಎಂದು ನನಗೆ ಕೊಟ್ಟರು. ಮನೆಯವರು ತಂದುಕೊಟ್ಟಿದ್ದು ಹಳೇ ಪಹಣಿ. ಅದರಲ್ಲಿ ಒಂದೇ ಹಿಸ್ಸಾ, 1 ಎಕರೆ 12 ಗುಂಟೆ. ಹೊಸ ಪಹಣಿ ತೆಗೆಸಿ ನೋಡಿದರೆ ನಡುವೆ ಪೋಡಿ ಆಗಿತ್ತು. ಅದೇ ಜಾಗ ಈಗ 27 ಗುಂಟೆ, 25 ಗುಂಟೆಯ ಎರಡು ಹಿಸ್ಸಾ. ಕರಡಿನಲ್ಲಿ ನಂಬರು ಹೊಸದು, ಅದೂ ಒಂದೇ, ಆದರೆ ವಿಸ್ತೀರ್ಣ ಹಳೆಯದು. ಹಾಗೇ ಡಿಕ್ರಿಯಾಗಿದ್ದರೆ ಅಂತಿಮ ಡಿಕ್ರಿ ಹೊತ್ತಿಗೆ ಅಳತೆಗೆ ಬಂದ ಸರ್ವೆಯವರು ತೋಟದ ಬೇಲಿ ಹತ್ತಿರ ನಿಂತು ತಲೆ ಕೆರೆದುಕೊಳ್ಳುತ್ತಿದ್ದರು. ಎರಡೂ ಹಿಸ್ಸಾ ಸೇರಿಸಿ, ಚಕ್ಕುಬಂದಿ ಬೇರೆ ಬೇರೆ ಬರೆದು, ಆಮೇಲೆ ದಾವೆ ದಾಖಲಾಯಿತು.

ಅದೇ ಷೆಡ್ಯೂಲಿನಲ್ಲಿ ತೋಟಕ್ಕೆ ಹೊಂದಿದ ಬೆಟ್ಟವೂ ಸ್ವಂತ ಆಸ್ತಿಯ ಸಾಲಿನಲ್ಲೇ ಇತ್ತು. ಶಿರಸಿ ಕಡೆಯವರಿಗೆ ಬೆಟ್ಟ ಎಂದರೆ ಮನೆಯ ಆಸ್ತಿಯಿದ್ದ ಹಾಗೇ. ಕಾಗದದಲ್ಲಿ ಮಾತ್ರ ಅದು ಸೊಪ್ಪು, ದರಕು ತರುವ ಸವಲತ್ತು. ಭೂಮಿ ಅರಣ್ಯದ್ದು. ಆ ಸಾಲನ್ನು ಹೇಗೆ ಬರೆಯಬೇಕೆಂದು ಸರ್ ನನ್ನನ್ನೇ ಕೂರಿಸಿ ಮೂರು ಬಾರಿ ತಿದ್ದಿಸಿದರು. ಪಾಲಿನ ಪ್ರಶ್ನೆಗೆ 2020ರ ವಿನೀತಾ ಶರ್ಮಾ ತೀರ್ಪಿತ್ತು. 2005ರ ತಿದ್ದುಪಡಿ ಬಂದ ದಿನ ತಂದೆ ಬದುಕಿರಬೇಕಾಗಿಲ್ಲ, ಮಗಳಿಗೆ ಹುಟ್ಟಿನಿಂದಲೇ ಹಕ್ಕು. ಎದುರಿನವರು ಮೊದಲೇ ಪಾಲಾಗಿದೆ ಎಂದು ನೋಂದಣಿಯಾಗದ ಪಾಲುಪಟ್ಟಿ ತೋರಿಸುವವರಿದ್ದರು. ಅದನ್ನು ಎದುರಿಸಲು ಆ ತೀರ್ಪಿನ ಯಾವ ಪ್ಯಾರಾ ಬೇಕು ಎನ್ನುವ ಎರಡು ಪುಟದ ಟಿಪ್ಪಣಿ ನನ್ನದು. ತಮಗೆ ನೋಡಬೇಕೆನ್ನಿಸಿದರೆ ಹೆಸರು, ಸರ್ವೆ ನಂಬರು ತೆಗೆದ ಪ್ರತಿ ಲಗತ್ತಿಸಿದ್ದೇನೆ. ಅದನ್ನು ಹೊರಗೆ ತೋರಿಸಲು ಸರ್ ಒಪ್ಪಿದ್ದಾರೆ.

ಅಲ್ಲಿ ನೋಡಿದ ಒಂದು ಪಾಟೀಸವಾಲು ಈಗಲೂ ನೆನಪಿದೆ. ಬೇರೆ ಕೇಸು, ಗಡಿ ತಕರಾರು. ಸಾಕ್ಷಿಯ ಮುಖ್ಯ ವಿಚಾರಣೆ ಅಫಿಡವಿಟ್‌ನಲ್ಲಿ ಬಂದಿತ್ತು. ಅದರಲ್ಲಿ ಜಾಗದ ಪೂರ್ವಕ್ಕೆ ಅಣ್ಣನ ತೋಟ ಎಂದಿತ್ತು. ಸರ್ ಸುಮ್ನೆ ಮಾತಾಡಿಸುವ ದನಿಯಲ್ಲಿ ಕೇಳಿದರು, “ತೋಟದ ಮೂಡಲ ಬದಿಗೆ ಏನುಂಟು?” ಅವರು ತಟ್ಟನೆ “ಹಳ್ಳ” ಎಂದರು. ಸರ್ “ಮುಗಿಯಿತು” ಎಂದು ಕೂತುಬಿಟ್ಟರು. ಅಫಿಡವಿಟ್ ತೋರಿಸಿ ಯಾಕೆ ಕೇಳಲಿಲ್ಲ ಎಂದು ಸಂಜೆ ಕೇಳಿದೆ. “ಕೇಳಿದ್ದರೆ ಹಳ್ಳದ ಆಚೆ ಅಣ್ಣನ ತೋಟ ಅನ್ನುತ್ತಿದ್ದ” ಎಂದರು. ಇದು ಯಾವ ಮೂಟ್ ಕೋರ್ಟಿನಲ್ಲೂ ಸಿಗುವ ಪಾಠವಲ್ಲ.

ಹಾಗೆಂದು ಮೂಟ್ ಕೋರ್ಟನ್ನು ಹಗುರ ಮಾಡುವುದಿಲ್ಲ. ಮೂರು ವರ್ಷ ಕಾಲೇಜು ತಂಡದಲ್ಲಿದ್ದೆ. ಮೊದಲು ಸಂಶೋಧಕಿಯಾಗಿ, ಆಮೇಲೆ ವಾದ ಮಾಡುವವಳಾಗಿ. ಕೊನೇ ವರ್ಷದ ಅಂತರ ಕಾಲೇಜು ಸ್ಪರ್ಧೆಯಲ್ಲಿ ನಮ್ಮ ತಂಡ ಸೆಮಿಫೈನಲ್‌ವರೆಗೆ ಹೋಯಿತು. ವಿಷಯ ವಾಟ್ಸಾಪ್ ಆಡಿಯೋದ ಸಾಕ್ಷ್ಯ. ನಮ್ಮದು ಪ್ರತಿವಾದಿ ಪಕ್ಷ, ಸರ್ಟಿಫಿಕೇಟ್ ಇಲ್ಲದ ಆಡಿಯೋ ನಡೆಯುವುದಿಲ್ಲ ಎನ್ನುವುದು ನಮ್ಮ ವಾದ. ನಾನು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಓದಿ, ಸರ್ಟಿಫಿಕೇಟ್‌ನ ಎ ಭಾಗ, ಬಿ ಭಾಗ, ಹ್ಯಾಶ್ ವ್ಯಾಲ್ಯೂ ಎಲ್ಲ ವಿವರಿಸುತ್ತಿದ್ದಾಗ ಪೀಠದಲ್ಲಿದ್ದವರು ತಡೆದರು. “ಫೋನೇ ಕೋರ್ಟಿನ ಮೇಜಿನ ಮೇಲಿದ್ದರೆ?” ಎಂದರು. 2020ರ ಅರ್ಜುನ್ ಪಂಡಿತ್‌ರಾವ್ ಖೋಟ್ಕರ್ ತೀರ್ಪಿನಲ್ಲಿ ಇದಕ್ಕೆ ಉತ್ತರವಿತ್ತು. ಮೂಲ ಸಾಧನವನ್ನೇ ಹಾಜರುಪಡಿಸಿ, ಅದರ ಮಾಲೀಕ ಸಾಕ್ಷಿಕಟ್ಟೆಗೆ ಬಂದು ರುಜುವಾತು ಮಾಡಿದರೆ ಸರ್ಟಿಫಿಕೇಟ್ ಬೇಕಾಗಿಲ್ಲ. ಅದು ನಮ್ಮ ವಾದಕ್ಕೆ ಎದುರಿನ ಮಾತು. ಆದರೂ ಮೊದಲು ಅದನ್ನೇ ಹೇಳಿದೆ. ಆಮೇಲೆ ಆ ತೀರ್ಪು ಹಳೇ ಕಾಯ್ದೆಯ 65ಬಿ ಮೇಲೆ ಬಂದದ್ದು, ನಮ್ಮ ಕೇಸಿನಲ್ಲಿ ಫೋನಿನ ಮಾಲೀಕ ಸಾಕ್ಷಿಯೇ ಅಲ್ಲ ಎಂದು ಬೇರೆ ಮಾಡಿ ತೋರಿಸಿದೆ. ನನಗೆ ವಿರುದ್ಧವಾದ ತೀರ್ಪನ್ನು ಮುಚ್ಚಿಡದೆ ಅದರ ಜೊತೆ ಗುದ್ದಾಡುವುದು ಮೂಟ್‌ನಿಂದ ಬಂದ ಅಭ್ಯಾಸ. ಪೀಠ ಮಾತು ಕತ್ತರಿಸಿದರೆ ಗಾಬರಿಯಾಗದಿರುವುದೂ ಅಲ್ಲಿಂದಲೇ ಬಂತು.

ಮೂರನೆಯ ಇಂಟರ್ನ್‌ಶಿಪ್ ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ, ಕೆಲವು ವಾರ. ಲೋಕ ಅದಾಲತ್‌ಗೆ ಬಂದ ಚೆಕ್ ಬೌನ್ಸ್ ಕೇಸುಗಳ ಕಾಗದ ಜೋಡಿಸುತ್ತಿದ್ದೆ. ಮೀನು ಮಾರುವ ಹೆಂಗಸರು ಚೀಲದೊಳಗೆ ಮಡಚಿ ತಂದ ಬ್ಯಾಂಕ್ ಮೆಮೋಗಳಲ್ಲಿ ನಾನು ಮೊದಲು ನೋಡುತ್ತಿದ್ದುದು ತಾರೀಖು. ಮೆಮೋ ಕೈಗೆ ಬಂದ 30 ದಿನದೊಳಗೆ ನೋಟಿಸ್ ಹೋಗಬೇಕು. ನೋಟಿಸ್ ಮುಟ್ಟಿದ ಮೇಲೆ ಹಣ ಕೊಡಲು 15 ದಿನ. ಅದಾದ ಒಂದು ತಿಂಗಳೊಳಗೆ ಫಿರ್ಯಾದು. ಇದು ಬೆರಳ ತುದಿಯಲ್ಲಿದೆ. ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ ಎಂದರೆ ಅವರಲ್ಲಿ ಹೆಚ್ಚಿನವರು ನಂಬುತ್ತಲೇ ಇರಲಿಲ್ಲ. ಅವರ ಕೊಂಕಣಿ ನನಗೆ ಚೆನ್ನಾಗಿ ತಿಳಿಯುತ್ತದೆ. ಮಾತಾಡುವಾಗ ಸ್ವಲ್ಪ ತಡವರಿಸುತ್ತೇನೆ, ಅವರೇ ನಕ್ಕು ತಿದ್ದುತ್ತಿದ್ದರು.

ತಮ್ಮ ಚೇಂಬರನ್ನೇ ಕೇಳಲು ಕಾರಣವಿದೆ. ಸೀಬರ್ಡ್ ಭೂಸ್ವಾಧೀನದ ಪರಿಹಾರದ ಕೇಸುಗಳು, ಹೆದ್ದಾರಿ 66ರ ಅಪಘಾತದ ಕ್ಲೇಮುಗಳು, ಗೇಣಿ ಹಕ್ಕಿನ ಹಳೇ ದಾವೆಗಳು, ಇವುಗಳ ಜೊತೆ ಸೆಷನ್ಸ್ ಕೇಸುಗಳೂ ತಮ್ಮಲ್ಲಿ ನಡೆಯುತ್ತವೆ. ಇಂಟರ್ನ್‌ಶಿಪ್ ವೇಳೆ ಜಿಲ್ಲಾ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತು ತಾವು ನಡೆಸಿದ ವಿಚಾರಣೆಗಳನ್ನು ಕೇಳಿದ್ದೇನೆ. 1956ರವರೆಗೆ ಬಾಂಬೆ ರಾಜ್ಯದಲ್ಲಿದ್ದ ಜಿಲ್ಲೆ ನಮ್ಮದು. ಹಳೇ ಗೇಣಿ ಕಾಗದ ಬಂದರೆ ಯಾವ ಕಾಯ್ದೆ, ಯಾವ ಕಾಲ ಎಂದು ಮೊದಲು ಹುಡುಕಬೇಕಾಗುತ್ತದೆ. ಆ ಹುಡುಕಾಟ ನನಗೆ ಇಷ್ಟ. ಕ್ರಿಮಿನಲ್ ಕಡೆ ನನಗೆ ಅನುಭವ ಕಡಿಮೆ. 2024ರ ಜುಲೈ 1ರ ಹಿಂದಿನ ಘಟನೆಗೆ ಐಪಿಸಿ, ಆಮೇಲಿನದಕ್ಕೆ ಬಿಎನ್‌ಎಸ್ ಎಂದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದ್ದೇನೆ, ಆದರೆ ಒಂದು ಸೆಷನ್ಸ್ ವಿಚಾರಣೆಯನ್ನೂ ಮೊದಲಿನಿಂದ ಕೊನೆಯವರೆಗೆ ನೋಡಿಲ್ಲ.

ಬಂದ ದಿನದಿಂದ ನಾನು ಮಾಡಬಲ್ಲದ್ದು: ಕಾಸ್ ಲಿಸ್ಟ್ ನೋಡಿ ಡೈರಿ ಬರೆಯುವುದು, ಮುಂದಿನ ತಾರೀಖು ತೆಗೆದುಕೊಳ್ಳುವುದು, ನಕಲು ಅರ್ಜಿ ಹಾಕಿ ಬೆನ್ನು ಹತ್ತುವುದು, ಇ-ಫೈಲಿಂಗ್, ನುಡಿ ಹಾಗೂ ಯೂನಿಕೋಡ್ ಎರಡರಲ್ಲೂ ಕನ್ನಡ ಟೈಪಿಂಗ್. ನೋಟಿಸ್, ವಕಾಲತ್ತು, ಸಣ್ಣಪುಟ್ಟ ಮಧ್ಯಂತರ ಅರ್ಜಿಗಳ ಕರಡು ಮಾಡುತ್ತೇನೆ. ತಾವು ತಿದ್ದಬೇಕಾಗುತ್ತದೆ, ಕ್ರಮೇಣ ಕೆಂಪು ಶಾಯಿ ಕಡಿಮೆಯಾದೀತು.

ಕುಮಟಾದಿಂದ ಓಡಾಡುವ ಯೋಚನೆ ಇಲ್ಲ. ಕೋರ್ಟು ಮುಗಿದ ಮೇಲೆ ಸಂಜೆ ಆಫೀಸು ಇರುತ್ತದಲ್ವಾ. ಮಳೆಗಾಲದ ಹೆದ್ದಾರಿಯನ್ನೂ ನಂಬುವ ಹಾಗಿಲ್ಲ. 2024ರ ಜುಲೈನಲ್ಲಿ ಶಿರೂರು ಗುಡ್ಡ ಕುಸಿದಾಗ ಈ ಕಡೆಯವರು ಪಟ್ಟ ಪಾಡು ತಮಗೂ ಗೊತ್ತು. ಕಾರವಾರದಲ್ಲಿ ನನ್ನ ಚಿಕ್ಕಮ್ಮನ ಮನೆಯಿದೆ, ಅಲ್ಲೇ ಇರುತ್ತೇನೆ. ಸ್ಟೈಪೆಂಡ್ ವಿಷಯದಲ್ಲಿ ಮುಚ್ಚುಮರೆ ಇಲ್ಲದೆ ಹೇಳಿಬಿಡುತ್ತೇನೆ: ಊಟ, ಓಡಾಟದ ಖರ್ಚು ಮನೆಯಿಂದ ಕೇಳದ ಹಾಗಾದರೆ ನನಗೆ ಸಾಕು. ಕನಿಷ್ಠ ಮೂರು ವರ್ಷ ತಮ್ಮಲ್ಲೇ ಇರುವ ಮನಸ್ಸಿದೆ. ಅಷ್ಟರೊಳಗೆ ಜಡ್ಜ್ ಪರೀಕ್ಷೆಗೆ ಕೂರುವ ಯೋಚನೆ ಇಲ್ಲ.

ಈ ತಿಂಗಳು ಯಾವ ಶನಿವಾರ ಬೇಕಾದರೂ ಬಂದು ಭೇಟಿಯಾಗಬಲ್ಲೆ. ತಮಗೆ ಸರಿ ಅನ್ನಿಸಿದರೆ ಅವತ್ತೇ ಒಂದು ಫೈಲು ಕೊಟ್ಟು ತಾರೀಖುವಾರು ಪಟ್ಟಿ ಮಾಡಿಸಿ ನೋಡಿ. ಶಿರಸಿಯ ಸರ್ ಕೂಡ ನನ್ನ ಬಗ್ಗೆ ತಮ್ಮೊಂದಿಗೆ ಮಾತಾಡಲು ಒಪ್ಪಿದ್ದಾರೆ. ಅವರ ನಂಬರು, ನನ್ನ ನಂಬರು ಎರಡೂ ಬಯೋಡೇಟಾದ ಮೊದಲ ಪುಟದಲ್ಲಿವೆ.

ತಮ್ಮ ವಿಶ್ವಾಸಿ,
ವೀಣಾ ಗಣಪತಿ ಪಟಗಾರ

ಲಗತ್ತು: ಬಯೋಡೇಟಾ, ಅಂಕಪಟ್ಟಿಗಳು, ಸನ್ನದು ಪ್ರತಿ, ಇಂಟರ್ನ್‌ಶಿಪ್ ಪತ್ರಗಳು, ಮೂಟ್ ಮೆಮೋರಿಯಲ್, ಪಾಲು ದಾವೆಯ ಟಿಪ್ಪಣಿ