ಆರು ಮೊಳ ಕಪ್ಪು

ಹಿಂದಿನ ದಿನವೇ ಹಳ್ಳಕ್ಕಿಳಿಸಿ ಕುರಿಯ ಮೈ ತೊಳೆ, ತಂಗೀ,
ಮಣ್ಣು ಕೂತ ತುಪ್ಪಟಕ್ಕೆ ಕತ್ತರಿ ಮೊಂಡಾಗುತ್ತದೆ.
ಹೊಟ್ಟೆಯ ಕೆಳಗಿನದು ಗಿಡ್ಡ, ಬೇರೆ ಇಡು;
ಬೆನ್ನಿನದು ನೀಳ, ಹಾಸಿನ ನೂಲಿಗೆ ಅದೇ.
ತುದಿ ಬಿಸಿಲಿಗೆ ಕಂದಿದ್ದರೆ ಕಂದಿರಲಿ.
ಚಳ್ಳಕೆರೆಯ ಕರಿ ಕಂಬಳಿಗೆ ಬಣ್ಣದ ಮಾತೇ ಇಲ್ಲ,
ಕುರಿ ಹೊತ್ತು ತಂದದ್ದೇ ಬಣ್ಣ.

ಉತ್ತರಾಣಿ ಬೀಜ ಒಂದೊಂದೇ ಹೆಕ್ಕು.
ಒಂದು ಉಳಿದರೂ ನೂಲು ಅಲ್ಲಿ ಗಂಟು,
ಗಂಟು ಹಣಿಗೆಗೆ ಸಿಕ್ಕಿ ಎಳೆ ಕಡಿತ,
ಕಡೆಗೆ ಯಾರದೋ ಕತ್ತಿನ ಹತ್ತಿರ ಚುಚ್ಚು.
ಹಿಂಜು. ಬೆಳಕಿಗೆ ಹಿಡಿದರೆ
ಆಚೆಯ ಬೆರಳು ಕಾಣುವಷ್ಟು ಹಿಂಜು.
ರಾಟೆಗೆ ಕೂತಾಗ ಎಡಗೈಗೆ ಅವಸರ ಬೇಡ:
ಬೇಗ ಎಳೆದರೆ ನೂಲು ಸಣಕಲು,
ತಡೆದು ನಿಂತರೆ ಹುರಿ ಏರಿ ತನಗೆ ತಾನೇ ಸುತ್ತು.
ಹಾಸಿನ ನೂಲಿಗೆ ಬಿಗಿ ಹುರಿ, ಹೊಕ್ಕಿನದಕ್ಕೆ ಸಡಿಲ.

ಇನ್ನು ನೂಲಿಗೆ ಹಚ್ಚುವ ಸರಿ. ಇಲ್ಲಿ ನಿಧಾನ, ತಂಗೀ.
ಹುಣಸೆ ಬೀಜ ಹುರಿ, ಸಿಪ್ಪೆ ಸಿಡಿದು ಬಿರಿಯುವ ತನಕ;
ಕುಟ್ಟು, ಕೇರು, ಕೆಂಪು ಸಿಪ್ಪೆ ಮೊರದಾಚೆ ಹಾರಲಿ.
ಬಿಳಿ ಬೇಳೆ ರಾತ್ರಿಯೆಲ್ಲ ನೆನೆಯಲಿ,
ಬೆಳಗಿನ ಜಾವ ಬೆಣ್ಣೆಯ ಹಾಗೆ ರುಬ್ಬು,
ಕುದಿಯುವಾಗ ಕೈ ಬಿಡದೆ ತಿರುವು:
ತಳ ಹಿಡಿದರೆ ಕರಕಲು ಚೂರು ಎಳೆಗಂಟುತ್ತದೆ.
ಎರಡು ಬೆರಳ ನಡುವೆ ಮುಟ್ಟಿ ಬಿಡಿಸು;
ಸಣ್ಣಗೆ ದಾರ ಎದ್ದು ಪಟ್ಟನೆ ಕಡಿದರೆ
ಅದು ಹದ.
ನೀರಾದರೆ ನೂಲಿನ ರೋಮವೆದ್ದು ತೆಕ್ಕೆ ಬೀಳುತ್ತದೆ,
ಮಂದವಾದರೆ ಒಣಗಿ ಕಡ್ಡಿಯಾಗಿ ಮುರಿಯುತ್ತದೆ.

ಬಿಸಿಲೇರುವ ಮೊದಲೇ ಬೀದಿಯುದ್ದ ಹಾಸು ಕಟ್ಟು.
ಕುಂಚ ಒಂದೇ ಕಡೆಗೆ, ತಲೆಯಿಂದ ತುದಿಗೆ;
ಹಿಂದಕ್ಕೆ ಎಳೆದೆಯೋ, ಮಲಗಿದ ರೋಮ ಎದ್ದು ಕೂರುತ್ತದೆ.
ಜೋಗಿಮಟ್ಟಿಯ ಕಡೆ ಮೋಡ ಕಂಡರೆ
ಅವತ್ತು ಸರಿ ಮುಟ್ಟಬೇಡ:
ಒಣಗದ ಎಳೆಗಳು ಜೋಡಿ ಜೋಡಿಯಾಗಿ ಅಂಟಿ
ಹಚ್ಚಲು ಒಂದು ದಿನ, ಬಿಡಿಸಲು ಎರಡು.
ಹುಡುಗರು ಕೆಳಗೆ ನುಸುಳಿ ಆಡಿದರೆ ಆಡಲಿ,
ಆಡು ಬಂದರೆ ಅಟ್ಟು.

ಮಗ್ಗದ ಗುಂಡಿಯಲ್ಲಿ ಕಾಲಿಗೆ ಮಣ್ಣಿನ ತಂಪು.
ಮೆಟ್ಟು, ಲಾಳಿ, ಏಟು.
ಮೆಟ್ಟು, ಲಾಳಿ, ಏಟು.
ಹೊಕ್ಕು ಬಿಗಿದೆಳೆದರೆ ಅಂಚು ಒಳಗೆ ಸೇದಿ
ಮೂರು ಮೊಳದ ಅಗಲ ತುದಿಗೆ ಬರುವಾಗ ಎರಡೂವರೆ.
ಆರು ಮೊಳ ಮುಗಿದ ಮೇಲೆ
ಇನ್ನೊಮ್ಮೆ ತೆಳು ಸರಿ, ಎರಡೂ ಮೈಗೆ,
ನಾಲ್ಕೂ ಮೂಲೆ ಬಿಗಿದು ಬಿಸಿಲಿಗೆ.

ಮಡಿಕೆಯೊಳಗೆ ಬೇವಿನ ಸೊಪ್ಪಿಡು, ಹುಳು ಬೀಳದಿರಲಿ.
ಬಿಸಿನೀರು, ಸೋಪು ಹತ್ತಿರ ತರಬೇಡ,
ತುಪ್ಪಟ ಕುಗ್ಗಿ ಗಟ್ಟಿಯಾಗುತ್ತದೆ.

ಆಮೇಲೆ ಮುಂಗಾರಿನ ಒಂದು ಮಧ್ಯಾಹ್ನ
ಕೊಪ್ಪೆ ಹಾಕಿ ಮಂದೆಯ ಹಿಂದೆ ಹೊರಟವನ
ಬೆನ್ನು ನೋಡು ದೂರದಿಂದ:
ಹನಿ ಬಿದ್ದು, ದುಂಡಗಾಗಿ, ಜಾರಿ
ಅಂಚಿನಿಂದ ತೊಟ್ಟಿಕ್ಕುತ್ತಿದೆ.
ಒಳಗೆ ಅಂಗಿ ಒಣಗೇ ಇದೆ,
ಕಂಕುಳಲ್ಲಿ ನಿನ್ನೆ ಹುಟ್ಟಿದ ಮರಿ.