ಶಾಖ ಒಂದು ವಸ್ತುವಾ?

(ಪಿಯುಸಿ ಫಿಸಿಕ್ಸ್ ಲ್ಯಾಬ್. ಕ್ಯಾಲೊರಿಮೀಟರ್ ಪ್ರಯೋಗ ಮುಗಿಸಿ ಇಬ್ಬರೂ ರೆಕಾರ್ಡ್ ಬರೆಯುತ್ತಿದ್ದಾರೆ.)

ರಮ್ಯಾ: ಬಿಸಿ ಹಿತ್ತಾಳೆ ಗುಂಡು ಕಳೆದುಕೊಂಡಷ್ಟೇ ಶಾಖ ನೀರಿಗೂ ಪಾತ್ರೆಗೂ ಸಿಕ್ಕಿದೆ. ಲೆಕ್ಕ ತಾಳೆಯಾಯಿತು. ಅಂದಮೇಲೆ ಏನೋ ಒಂದು ವಸ್ತು ಹರಿದು ಬಂದಿರಲೇಬೇಕು, ಅಲ್ವಾ?

ಚೇತನ್: ಶಾಖವನ್ನು ಕ್ಯಾಲೊರಿಕ್ ಎಂಬ ಹರಿಯುವ ವಸ್ತು ಅಂದುಕೊಂಡಿದ್ದ ಕಾಲಕ್ಕೆ ಹೋಗಿಬಿಟ್ಟೆಯಲ್ಲ!

ರಮ್ಯಾ: ನಗಬೇಡ ಕಣೋ. 1789ರಲ್ಲಿ ಲಾವೋಸಿಯೆ ಮೂಲವಸ್ತುಗಳ ಪಟ್ಟಿಯಲ್ಲಿ ಆಕ್ಸಿಜನ್ ಜೊತೆಗೇ ಕ್ಯಾಲೊರಿಕನ್ನೂ ಇಟ್ಟಿದ್ದ. ಅದರ ಕಣಗಳು ಒಂದನ್ನೊಂದು ದೂಡುತ್ತವೆ, ಅದಕ್ಕೇ ಬಿಸಿಯಾದ ಲೋಹ ಹಿಗ್ಗುತ್ತದೆ. ಗ್ರಾಂ ಐಸ್ ಕರಗಲು 80 ಕ್ಯಾಲೊರಿ ಕೊಟ್ಟರೂ ಟೆಂಪರೇಚರ್ ಏರುವುದಿಲ್ಲ, ಕ್ಯಾಲೊರಿಕ್ ಐಸಿನೊಳಗೆ ಸೇರಿ ಅಡಗಿ ಕೂತಿರುತ್ತದೆ. ಎಲ್ಲಾ ಸರಿಹೋಗುತ್ತಲ್ಲ?

ಚೇತನ್: ಸರಿಹೋಗುತ್ತದೆ. 1824ರಲ್ಲಿ ಕಾರ್ನೋ ಅದನ್ನೇ ನಂಬಿ ಉಗಿಯಂತ್ರದ ಸಿದ್ಧಾಂತ ಕಟ್ಟಿದ. ದಡ್ಡರ ಕಲ್ಪನೆ ಅಲ್ಲವೇ ಅಲ್ಲ. ಆದರೆ ರಂಫರ್ಡ್ ಮ್ಯೂನಿಕ್‌ನಲ್ಲಿ ಫಿರಂಗಿ ಕೊರೆಸುವಾಗ ನೋಡಿದ್ದೇನು? ಮೊಂಡು ಉಳಿ, ತಿರುಗಿಸಲು ಕುದುರೆ. ಲೋಹ ನೀರಿನಲ್ಲಿ ಮುಳುಗಿತ್ತು. ಎರಡೂವರೆ ಗಂಟೆಯಲ್ಲಿ ಬೆಂಕಿಯಿಲ್ಲದೆ ನೀರು ಕುದಿಯಿತು.

ರಮ್ಯಾ: ಲೋಹ ಪುಡಿಯಾದಾಗ ಒಳಗಿದ್ದ ಕ್ಯಾಲೊರಿಕ್ ಹೊರಬಂತು, ಅಷ್ಟೇ.

ಚೇತನ್: ಹಾಗಿದ್ದರೆ ಪುಡಿಯ ವಿಶಿಷ್ಟ ಶಾಖ ಕಡಿಮೆಯಾಗಬೇಕಿತ್ತು. ಅವನು ಅಳೆದ, ವ್ಯತ್ಯಾಸ ಸಿಗಲಿಲ್ಲ. ಮತ್ತೆ, ಕುದುರೆ ನಡೆಯುವವರೆಗೂ ಶಾಖ ಬರುತ್ತಲೇ ಇತ್ತು. ಮುಗಿಯದಷ್ಟು ಸರಕು ಒಂದು ತುಂಡು ಲೋಹದಲ್ಲಿ ಎಲ್ಲಿರುತ್ತೆ?

ರಮ್ಯಾ: ಹ್ಞೂಂ, ಅದು ತೊಡಕೇ. ಆದರೂ ರಂಫರ್ಡ್ 1798ರಲ್ಲಿ ಹೇಳಿದ ಈ ಮಾತಿಗೆ ಎಲ್ಲರೂ ಒಪ್ಪಲಿಲ್ಲವಲ್ಲ?

ಚೇತನ್: ಇಲ್ಲ. ಲೆಕ್ಕ ಸಿಗಬೇಕಿತ್ತು. 1840ರ ದಶಕದಲ್ಲಿ ಜೌಲ್ ಬೀಳುವ ತೂಕದಿಂದ ನೀರಿನಲ್ಲಿ ರೆಕ್ಕೆ ತಿರುಗಿಸಿ ಅಳೆದ. ಇಂದಿನ ಲೆಕ್ಕದಲ್ಲಿ 1 ಕ್ಯಾಲೊರಿಗೆ ಸುಮಾರು 4.18 ಜೌಲ್ ಕೆಲಸ. ಕೆಲಸ ಮಾಡಿದರೂ ನೀರು ಬಿಸಿ, ಒಲೆ ಮೇಲಿಟ್ಟರೂ ಬಿಸಿ. ಬಿಸಿಯಾದ ಮೇಲೆ ಯಾವುದರಿಂದ ಆಯಿತೆಂದು ನೀರನ್ನು ನೋಡಿ ಹೇಳಲಾಗದು.

ರಮ್ಯಾ: ಅಂದರೆ ನೀರಿನೊಳಗೆ ಶಾಖ ಅನ್ನೋದು ಇಲ್ಲವೇ ಇಲ್ಲ?

ಚೇತನ್: ಒಳಗಿರುವುದು ಆಂತರಿಕ ಶಕ್ತಿ, ಅಣುಗಳ ಓಡಾಟ ಮತ್ತು ಎಳೆದಾಟ. ಟೆಂಪರೇಚರ್ ವ್ಯತ್ಯಾಸದಿಂದ ಶಕ್ತಿ ದಾಟುವುದಕ್ಕೆ ಮಾತ್ರ ಶಾಖ ಅನ್ನುತ್ತೇವೆ. ಸೈಕಲ್ ಪಂಪ್ ಜೋರಾಗಿ ಒತ್ತಿ ನೋಡು, ತುದಿ ಬೆಚ್ಚಗಾಗುತ್ತದೆ. ಗಾಳಿಗೆ ಯಾರೂ ಬೆಂಕಿ ಕೊಡಲಿಲ್ಲ, ಕೈ ಕೆಲಸ ಮಾಡಿತು.

ರಮ್ಯಾ: ಸರಿ, ಹಾಗಿದ್ದರೆ ನಮ್ಮ ಲೆಕ್ಕ ಯಾಕೆ ತಾಳೆಯಾಯಿತು?

ಚೇತನ್: ಕೆಲಸ ಹೆಚ್ಚುಕಡಿಮೆ ಸೊನ್ನೆಯಾಗಿತ್ತು. ಆಗ ಶಾಖ ವಸ್ತುವಿನ ಹಾಗೇ ನಡೆದುಕೊಳ್ಳುತ್ತದೆ.

ರಮ್ಯಾ: ತಡಿ, ನಾನು ಸ್ಟಿರರ್ ಆಡಿಸಿದ್ದೆನಲ್ಲ! ಅದೂ ಜೌಲ್‌ನ ರೆಕ್ಕೆಯೇ.

ಚೇತನ್: ಹೌದು! ಆದರೆ 10 ಜೌಲ್ ಕೆಲಸ ಹಾಕಿದ್ದರೂ 100 ಗ್ರಾಂ ನೀರು 0.02 ಡಿಗ್ರಿಯಷ್ಟೇ ಏರುತ್ತದೆ. ನಮ್ಮ ಥರ್ಮಾಮೀಟರ್‌ಗೆ ಅದು ಕಾಣುವುದೇ ಇಲ್ಲ.

ರಮ್ಯಾ: ಅರ್ಧ ದಿನ ಆಡಿಸಿದ್ದರೆ?

ಚೇತನ್: ಗುಂಡು ಕಳೆದುಕೊಂಡದ್ದಕ್ಕಿಂತ ನೀರಿಗೆ ಜಾಸ್ತಿ ಸಿಗುತ್ತಿತ್ತು. ನಿನ್ನ ಕೈ ಮಾತ್ರ ನೋಯುತ್ತಿತ್ತು.