ಮೂರು ಅಂಗಡಿ, 120 ಗಿರಾಕಿ: ಯಾರಿಗೆ ಎಷ್ಟು ಸಮಾಧಾನ?

ಸಾಹುಕಾರ್ರಿಗೆ,

ಗೋಕುಲ ರೋಡಿನ ದೊಡ್ಡ ಮಳಿಗೆ ಜನಕ್ಕೆ ಹಿಡಿಸಿಲ್ಲವೇನೋ ಅಂತ ದಸರಾ ಆದಮೇಲೆ ನೀವು ಕೇಳಿದ್ದಿರಿ. ಅದಕ್ಕೆ ಉತ್ತರ ಇದು. ಮೊದಲೇ ಹೇಳಿಬಿಡುತ್ತೇನೆ: ವ್ಯತ್ಯಾಸ ಇದೆ, ಆದರೆ ಬಹುಪಾಲು ಬಿಲ್ ಕೌಂಟರಿನ ಮುಂದೆ ನಿಂತಿದೆ.

ನವೆಂಬರ್ 11ರಿಂದ 16ರವರೆಗೆ ನಮ್ಮ ಮೂರೂ ಅಂಗಡಿಗಳಲ್ಲಿ ಕೇಳಿದೆವು. ದುರ್ಗದಬೈಲಿನದು ಹಳೇ ಗಲ್ಲೆ ಅಂಗಡಿ. ಗಿರಾಕಿ ಹೇಳಿದ್ದನ್ನು ಹುಡುಗರು ತೂಗಿ ಕಟ್ಟಿಕೊಡುತ್ತಾರೆ. ವಿದ್ಯಾನಗರದ್ದು ಸಣ್ಣ ಸೆಲ್ಫ್ ಸರ್ವಿಸ್. ಗೋಕುಲ ರೋಡಿನದು ಟ್ರಾಲಿ ತಳ್ಳಿಕೊಂಡು ತಿರುಗುವ ದೊಡ್ಡ ಮಳಿಗೆ. ಸಾಮಾನು ತಗೊಂಡು ಹೊರಗೆ ಬಂದ ಪ್ರತಿ ಐದನೆಯವರನ್ನು ನಿಲ್ಲಿಸಿ, ಒಂದೊಂದು ಕಡೆ 40 ಜನರ ಹಾಳೆ ತುಂಬಿಸಿಕೊಂಡೆವು. ಐದು ಪ್ರಶ್ನೆ: ಮಾಲು ಹೇಗಿದೆ, ರೇಟು ಹೇಗಿದೆ, ಬೇಕಾದ್ದು ಸಿಕ್ಕಿತಾ, ನಮ್ಮವರ ಮಾತುಕತೆ ಹೇಗೆ, ಬಿಲ್ಲಿಗೆ ಎಷ್ಟು ಹೊತ್ತು ನಿಂತಿರಿ. ಪ್ರತಿಯೊಂದಕ್ಕೂ 1ರಿಂದ 5 ಅಂಕ, ಸಮಾಧಾನ ಹೆಚ್ಚಿದ್ದಷ್ಟೂ ಅಂಕ ಹೆಚ್ಚು. ಕೂಡಿಸಿದರೆ ಒಬ್ಬರಿಗೆ ಹೆಚ್ಚೆಂದರೆ 25. ಕೆಳಗಿನ ಪಟ್ಟಿಯಲ್ಲಿ ಸ್ಟ್ಯಾಂಡರ್ಡ್ ಡೀವಿಯೇಷನ್ ಅಂದರೆ ಜನರ ಅಂಕಗಳು ಸರಾಸರಿಯ ಆ ಕಡೆ ಈ ಕಡೆ ಎಷ್ಟು ಹರಡಿವೆ ಅನ್ನುವ ಅಳತೆ.

| ಅಂಗಡಿ | ಜನ | ಸರಾಸರಿ | ಸ್ಟ್ಯಾಂಡರ್ಡ್ ಡೀವಿಯೇಷನ್ |
|---|---|---|---|
| ಗಲ್ಲೆ ಅಂಗಡಿ | 40 | 19.4 | 3.1 |
| ಸೆಲ್ಫ್ ಸರ್ವಿಸ್ | 40 | 18.6 | 3.3 |
| ದೊಡ್ಡ ಮಳಿಗೆ | 40 | 16.9 | 3.6 |

ಸರಾಸರಿ ನೋಡಿದರೆ ಹಳೇ ಅಂಗಡಿ ಮುಂದೆ, ದೊಡ್ಡದು ಹಿಂದೆ. ಆದರೆ ಇಷ್ಟಕ್ಕೇ ತೀರ್ಮಾನ ಮಾಡುವ ಹಾಗಿಲ್ಲ. ಒಂದೇ ಅಂಗಡಿಯಿಂದ ಹೊರಬಂದವರಲ್ಲೇ ಒಬ್ಬರು 22 ಕೊಟ್ಟಿದ್ದಾರೆ, ಇನ್ನೊಬ್ಬರು 14. ನಾಳೆ ಬೇರೆ 40 ಜನರನ್ನು ಕೇಳಿದರೆ ಸರಾಸರಿ ಆ ಕಡೆ ಈ ಕಡೆ ಆಗುತ್ತದೆ, ಅಲ್ವಾ? ಅಂಗಡಿಗಳ ನಡುವಿನ ಅಂತರ ಈ ಮಾಮೂಲಿ ಏರಿಳಿತಕ್ಕಿಂತ ದೊಡ್ಡದೋ ಅನ್ನುವುದೇ ಪ್ರಶ್ನೆ. ಅದನ್ನು ಅಳೆಯುವ ಲೆಕ್ಕಕ್ಕೆ ಒನ್-ವೇ ಅನೋವಾ ಅನ್ನುತ್ತಾರೆ. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಬೆಳೆಯ ಪ್ರಯೋಗಗಳ ಲೆಕ್ಕ ನೋಡುತ್ತಿದ್ದ ಫಿಶರ್ ಎಂಬವರು 1920ರ ದಶಕದಲ್ಲಿ ಬೆಳೆಸಿದ ವಿಧಾನ. ಯಾವ ಹೊಲಕ್ಕೆ ಯಾವ ಗೊಬ್ಬರ ಅನ್ನುವಂಥ ಪ್ರಶ್ನೆ ಅವರದು, ಯಾವ ಅಂಗಡಿಗೆ ಎಷ್ಟು ಅಂಕ ಅನ್ನುವುದು ನಮ್ಮದು. ಲೆಕ್ಕ ಒಂದೇ.

ಮೂರು ಅಂಗಡಿಯ ಸರಾಸರಿಗಳು ಒಟ್ಟು ಸರಾಸರಿ 18.3ರಿಂದ ಎಷ್ಟು ದೂರ ಸರಿದಿವೆ ಅನ್ನುವುದರಿಂದ ಒಂದು ಸಂಖ್ಯೆ ಬರುತ್ತದೆ. ಒಂದೊಂದು ಅಂಗಡಿಯ ಒಳಗೆ ಜನ ತಮ್ಮತಮ್ಮಲ್ಲೇ ಎಷ್ಟು ಬೇರೆಯಾಗಿದ್ದಾರೆ ಅನ್ನುವುದರಿಂದ ಇನ್ನೊಂದು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಬೇಕು, ಬಂದದ್ದೇ F. df ಅಂದರೆ ಮೂರು ಅಂಗಡಿಯಲ್ಲಿ ಒಂದು ಕಳೆದದ್ದು, 120 ಜನರಲ್ಲಿ ಮೂರು ಕಳೆದದ್ದು:

```
F = 65.2 / 11.15 = 5.85
df = 2, 117
p = 0.004
```

ಅಂಗಡಿಗಳ ನಡುವೆ ನಿಜವಾದ ಅಂತರ ಇಲ್ಲದಿದ್ದರೆ F ಸುಮಾರು 1ರ ಆಸುಪಾಸು ಇರುತ್ತದೆ. ನಮ್ಮಷ್ಟು ಜನರ ಲೆಕ್ಕದಲ್ಲಿ 3.07 ದಾಟಿದರೆ ಸಾಕು, ಸುಮ್ನೆ ಆದದ್ದಲ್ಲ ಎಂದು ಒಪ್ಪುವುದು ರೂಢಿ. ನಮ್ಮದು 5.85. ಮೂರೂ ಕಡೆ ಸಮಾಧಾನ ಒಂದೇ ಇದ್ದು, ಕೇಳಿದ ಜನ ಹಾಗೆ ಸಿಕ್ಕಿದ್ದರಿಂದಲೇ ಇಷ್ಟು ದೊಡ್ಡ ಅಥವಾ ಇನ್ನೂ ದೊಡ್ಡ F ಬರುವುದು ಸಾವಿರಕ್ಕೆ ನಾಲ್ಕು ಸಲ. p ಅಂದರೆ ಇದೇ. ಹಾಗಾಗಿ ಅಂತರ ಇದೆ ಎಂದೇ ಇಟ್ಟುಕೊಳ್ಳೋಣ. ಏರಿಳಿತ ಮೂರೂ ಕಡೆ ಹೆಚ್ಚುಕಮ್ಮಿ ಒಂದೇ ಆಗಿದೆ (3.1ರಿಂದ 3.6), ಜನರ ಸಂಖ್ಯೆಯೂ ಸಮ. ಈ ಲೆಕ್ಕ ಹಾಕಲು ಅಡ್ಡಿ ಏನಿಲ್ಲ.

ಆದರೆ ಎಷ್ಟು ದೊಡ್ಡ ಅಂತರ? 120 ಜನರ ಅಂಕಗಳಲ್ಲಿನ ಒಟ್ಟು ಏರಿಳಿತದಲ್ಲಿ ಅಂಗಡಿಯ ಪಾಲು ಶೇ 9 ಮಾತ್ರ. ಉಳಿದ ಶೇ 91 ಜನಜನರ ನಡುವಿನದು. ಇದನ್ನು ದಯವಿಟ್ಟು ಮರೆಯಬೇಡಿ. p ಚಿಕ್ಕದಾದ ಮಾತ್ರಕ್ಕೆ ವ್ಯತ್ಯಾಸ ದೊಡ್ಡದು ಅಂತಲ್ಲ.

ಇನ್ನು ಯಾವುದಕ್ಕೂ ಯಾವುದಕ್ಕೂ ನಡುವೆ ಅಂತರ? F ಅದನ್ನು ಹೇಳುವುದಿಲ್ಲ. ಮನೆಯಲ್ಲಿ ಜಗಳ ಇದೆ ಅಂತ ಹೇಳುತ್ತದೆ, ಯಾರಿಗೂ ಯಾರಿಗೂ ಅಂತ ಹೇಳುವುದಿಲ್ಲ. ಅದಕ್ಕೆ ಟುಕಿ ಪರೀಕ್ಷೆ ಮಾಡಿದೆ. ಎರಡು ಸರಾಸರಿಗಳ ನಡುವೆ 1.77 ಅಂಕಕ್ಕಿಂತ ಜಾಸ್ತಿ ಇದ್ದರೆ ಲೆಕ್ಕಕ್ಕೆ ಬರುತ್ತದೆ. ಗಲ್ಲೆ ಅಂಗಡಿಗೂ ದೊಡ್ಡ ಮಳಿಗೆಗೂ 2.5, ದಾಟಿದೆ. ಗಲ್ಲೆ ಅಂಗಡಿಗೂ ಸೆಲ್ಫ್ ಸರ್ವಿಸ್ಸಿಗೂ 0.8, ದಾಟಿಲ್ಲ. ಸೆಲ್ಫ್ ಸರ್ವಿಸ್ಸಿಗೂ ದೊಡ್ಡ ಮಳಿಗೆಗೂ 1.7. ಕೂದಲೆಳೆಯಲ್ಲಿ ತಪ್ಪಿದೆ. ಇದನ್ನು ಓದಿ ‘ಅವೆರಡೂ ಒಂದೇ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬೇರೆ ಎಂದು ಹೇಳಲು ಇಷ್ಟು ಹಾಳೆ ಸಾಲದು, ಅಷ್ಟೇ.

ನನಗೆ ಮುಖ್ಯ ಅನ್ನಿಸಿದ್ದು ಇದರ ಮುಂದಿನದು. ಹಾಳೆಗಳನ್ನು ಒಂದೊಂದಾಗಿ ತಿರುವುವಾಗ ಬಿಲ್ಲಿನ ಪ್ರಶ್ನೆಯೊಂದೇ ಕಣ್ಣಿಗೆ ಕುಕ್ಕಿತು. ಗಲ್ಲೆ ಅಂಗಡಿಯಲ್ಲಿ 4.1, ಸೆಲ್ಫ್ ಸರ್ವಿಸ್ಸಿನಲ್ಲಿ 3.6, ದೊಡ್ಡ ಮಳಿಗೆಯಲ್ಲಿ 2.6. ಆ ಪ್ರಶ್ನೆ ತೆಗೆದು ಉಳಿದ ನಾಲ್ಕನ್ನೇ ಕೂಡಿಸಿದರೆ 20ಕ್ಕೆ 15.3, 15.0, 14.3. ಮತ್ತೆ ಅದೇ ಲೆಕ್ಕ ಹಾಕಿದೆ: F = 1.31, p = 0.27. ಅಂದರೆ ಮಾಲು, ರೇಟು, ಹುಡುಕಾಟ, ಮಾತುಕತೆ, ಈ ನಾಲ್ಕರ ಮೊತ್ತದಲ್ಲಿ ಮೂರು ಅಂಗಡಿಗೂ ಹೇಳಿಕೊಳ್ಳುವಂಥ ಅಂತರ ಕಾಣುವುದಿಲ್ಲ. ಅಂಕ ನೋಡಿದಮೇಲೆ ಹೊಳೆದ ಲೆಕ್ಕ ಇದು, ಮೊದಲೇ ಯೋಚಿಸಿದ್ದಲ್ಲ. ಹಾಗಾಗಿ ಇದನ್ನು ಸುಳಿವು ಅಂತ ತಗೊಳ್ಳಿ, ಪುರಾವೆ ಅಂತ ಬೇಡ.

ಶನಿವಾರ ಸಂಜೆ ಅಲ್ಲಿ ನಾನೇ ನಿಂತಿದ್ದೆ. ನಾಲ್ಕು ಕೌಂಟರಿನಲ್ಲಿ ಎರಡು ನಡೆಯುತ್ತಿದ್ದವು. ಒಬ್ಬ ಅಕ್ಕನ ಕೈಯಲ್ಲಿ ಒಂದು ಕೆಜಿ ಅವಲಕ್ಕಿ, ಒಂದು ಮೊಸರಿನ ಪಾಕೀಟು. ಮುಂದೆ ತಿಂಗಳ ಸಾಮಾನಿನ ಟ್ರಾಲಿಗಳು ಎರಡು. ಗಡಿಯಾರ ನೋಡಿದೆ, ಹದಿನೆಂಟು ನಿಮಿಷ. ಹೊರಗೆ ಬಂದಮೇಲೆ ನಾಲ್ಕು ಪ್ರಶ್ನೆಗೂ 4 ಕೊಟ್ಟರು, ಬಿಲ್ಲಿಗೆ 1. ಒಟ್ಟು 17. ಮಳಿಗೆಯ ಸರಾಸರಿಯೇ ಒಂದು ಹಾಳೆಯಲ್ಲಿ ಇಳಿದ ಹಾಗಿತ್ತು.

ಇಲ್ಲಿ ನನ್ನ ತಪ್ಪೂ ಇದೆ. ಗಲ್ಲೆ ಅಂಗಡಿಯಲ್ಲಿ ಕೇಳಿದ್ದು ಸೋಮವಾರ, ಮಂಗಳವಾರ ಬೆಳಿಗ್ಗೆ. ವಿದ್ಯಾನಗರದಲ್ಲಿ ಬುಧವಾರ, ಗುರುವಾರ. ದೊಡ್ಡ ಮಳಿಗೆಯಲ್ಲಿ ಶುಕ್ರವಾರ, ಶನಿವಾರ ಸಂಜೆ. ನಮ್ಮ ಹುಡುಗರ ರಜೆ ನೋಡಿ ಹಾಗೆ ಹಾಕಿದ್ದೆ. ಈಗ ಅಂಗಡಿಯ ಗುಣ ಯಾವುದು, ಶನಿವಾರ ಸಂಜೆಯ ಗದ್ದಲ ಯಾವುದು ಅಂತ ಬಿಡಿಸಲು ಆಗುತ್ತಿಲ್ಲ. ಜೊತೆಗೆ, ಪ್ರತಿ ಬಗೆಯದೂ ನಮ್ಮಲ್ಲಿ ಒಂದೊಂದೇ ಅಂಗಡಿ. ಹಾಗಾಗಿ ‘ದೊಡ್ಡ ಮಳಿಗೆಗಳೇ ಹೀಗೆ’ ಎನ್ನಲು ಬರುವುದಿಲ್ಲ. ‘ನಮ್ಮ ಗೋಕುಲ ರೋಡಿನದು ಹೀಗೆ’ ಎಂದಷ್ಟೇ ಹೇಳಬಹುದು. ದುರ್ಗದಬೈಲಿಗೆ ಬರುವವರಲ್ಲಿ ಅರ್ಧಕ್ಕರ್ಧ ಉದ್ರಿ ಖಾತೆಯವರು. ಅಂಗಡಿಯವರ ಎದುರೇ ಕಡಿಮೆ ಅಂಕ ಕೊಡಲು ಅವರಿಗೆ ಸಂಕೋಚ ಆಗಿರಲೂಬಹುದು.

ಅದಕ್ಕೇ ಮಳಿಗೆಯ ರೂಪ ಬದಲಾಯಿಸುವ ಮಾತು ಸದ್ಯಕ್ಕೆ ಬೇಡ ಅಂತ ನನ್ನ ಅಭಿಪ್ರಾಯ. ಡಿಸೆಂಬರ್ ಮೊದಲ ಎರಡು ವಾರ ಶುಕ್ರವಾರ, ಶನಿವಾರ ಸಂಜೆ ಐದರಿಂದ ಒಂಬತ್ತರವರೆಗೆ ಮೂರನೇ ಕೌಂಟರ್ ತೆರೆಯೋಣ. ಐದು ಸಾಮಾನಿನೊಳಗಿನವರಿಗೆ ಅದನ್ನೇ ಮೀಸಲಿಡೋಣ. ಮೂರನೇ ವಾರ ಮೂರೂ ಕಡೆ ಮತ್ತೆ ಕೇಳೋಣ. ಈ ಸಲ ಪ್ರತಿ ಅಂಗಡಿಗೂ ಒಂದು ವಾರದ ದಿನ ಬೆಳಿಗ್ಗೆ, ಒಂದು ಶನಿವಾರ ಸಂಜೆ. ಹಾಳೆಯನ್ನು ಗಲ್ಲೆಯವರ ಕೈಗೆ ಕೊಡದೆ ಗಿರಾಕಿಗಳೇ ಮಡಚಿ ಡಬ್ಬಿಗೆ ಹಾಕಲಿ. ಒಂದೊಂದು ಕಡೆ 80 ಹಾಳೆ ಬೇಕು. ಇಬ್ಬರು ಹುಡುಗರನ್ನು ಆ ವಾರ ಗೋದಾಮಿನ ಕೆಲಸದಿಂದ ಬಿಟ್ಟುಕೊಟ್ಟರೆ ಆಗುತ್ತದೆ.

ಹಾಳೆಗಳೆಲ್ಲ ಆಫೀಸಿನ ಕಪಾಟಿನ ಕೆಳಗಿನ ಖಾನೆಯಲ್ಲಿವೆ, ಅಂಗಡಿವಾರು ದಾರ ಕಟ್ಟಿಟ್ಟಿದ್ದೇನೆ.

ನಿಮ್ಮ ಲೆಕ್ಕಪತ್ರದವ